ಎರಡು ಸಾವಿರ ಕಟ್ಟಿದರೆ ಸಾಲ ಏಳು ಸಾವಿರ ಏರಿತು

ಮೈಸೂರಿನಲ್ಲಿರುವ ಅಕ್ಕನ ಮಗ ಮೊನ್ನೆ ಮನೆಗೆ ಬಂದವನು ಕಾಫಿ ಲೋಟ ಕೆಳಗಿಡುವ ಮೊದಲೇ ಫೋನನ್ನು ನನ್ನ ಮುಂದೆ ಹಿಡಿದ. ‘ಮಾಮ, ಹೋದ ತಿಂಗಳು ನಲವತ್ತು ಸಾವಿರ ಇತ್ತು. ಎರಡು ಸಾವಿರ ಕಟ್ಟಿದೆ. ಈಗ ನೋಡಿದ್ರೆ ನಲವತ್ತೇಳು ಸಾವಿರ ಅಂತ ತೋರಿಸ್ತಿದೆ. ಕಂಪ್ಯೂಟರ್ ತಪ್ಪಿರಬೇಕು ಅಲ್ವಾ?’

ತಪ್ಪಿರಲಿಲ್ಲ. ಅವನ ಕ್ರೆಡಿಟ್ ಕಾರ್ಡ್ ಬಿಲ್ ಅನ್ನು ಇಬ್ಬರೂ ಕೂತು ಬಿಡಿಸಿದೆವು. ಅರ್ಧ ಗಂಟೆ ಹಿಡಿಯಿತು.

ಅವನ ಕಾರ್ಡಿಗೆ ಪ್ರತಿ ತಿಂಗಳು 10ನೇ ತಾರೀಕು ಬಿಲ್ ತಯಾರಾಗುತ್ತದೆ. ಇದು ಸ್ಟೇಟ್‌ಮೆಂಟ್ ದಿನ. ಹಣ ಕಟ್ಟಲು 30ರವರೆಗೆ ಗಡುವು, ಅದು ಡ್ಯೂ ಡೇಟ್. ಮೇ 15ರಂದು ಅವನು 40,000 ರೂಪಾಯಿಗೆ ಫ್ರಿಜ್ ಕೊಂಡ. ಜೂನ್ 10ರ ಬಿಲ್ಲಿನ ಮೇಲ್ಭಾಗದಲ್ಲಿ ಎರಡು ಮೊತ್ತಗಳು ಅಕ್ಕಪಕ್ಕದಲ್ಲಿದ್ದವು. ಟೋಟಲ್ ಅಮೌಂಟ್ ಡ್ಯೂ 40,000, ಮಿನಿಮಮ್ ಅಮೌಂಟ್ ಡ್ಯೂ 2,000. ಎರಡನೆಯದು ಕಂಡು ಇವನಿಗೆ ಜೀವ ಬಂದಂತಾಗಿದೆ. ‘ಇಷ್ಟು ಕಟ್ಟಿದ್ರೆ ಸಾಕು ಅಂತ ತಾನೇ ಅದರರ್ಥ?’ ಎಂದ.

ಸಾಕು ನಿಜ, ಆದರೆ ಯಾವುದಕ್ಕೆ ಸಾಕು ಅನ್ನುವುದು ಪ್ರಶ್ನೆ. ಮಿನಿಮಮ್ ಡ್ಯೂ ಸಾಮಾನ್ಯವಾಗಿ ಬಾಕಿಯ ಶೇಕಡಾ 5ರಷ್ಟಿರುತ್ತದೆ. ಕಂತು, ಬಡ್ಡಿ, ಶುಲ್ಕ, ತೆರಿಗೆ ಏನಾದರೂ ಇದ್ದರೆ ಅವೂ ಅದಕ್ಕೆ ಸೇರುತ್ತವೆ. ಅದನ್ನು ಗಡುವಿನೊಳಗೆ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ಕಂತು ತಪ್ಪಿಸಿದವನು ಎಂದು ಸಿಬಿಲ್ ದಾಖಲೆಗೆ ಹೋಗುವುದಿಲ್ಲ. ಅದರ ಉಪಯೋಗ ಅಲ್ಲಿಗೆ ಮುಗಿಯಿತು. ಬಡ್ಡಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಬಡ್ಡಿಯನ್ನು ತಡೆಯುವುದು ಗ್ರೇಸ್ ಪೀರಿಯಡ್, ಅಂದರೆ ಬಡ್ಡಿಯಿಲ್ಲದ ಅವಧಿ. ಜಾಹೀರಾತುಗಳಲ್ಲಿ ‘50 ದಿನಗಳವರೆಗೆ’ ಎಂದು ಬರೆಯುತ್ತಾರಲ್ಲ, ಅಲ್ಲಿರುವ ‘ವರೆಗೆ’ ಎಂಬ ಪದವನ್ನು ಗಮನಿಸಬೇಕು. ಇವನ ಕಾರ್ಡಿನಲ್ಲಿ ಮೇ 11ರಂದು ಕೊಂಡ ವಸ್ತುವಿಗೆ ಜೂನ್ 30ರವರೆಗೆ 50 ದಿನ ಸಿಗುತ್ತದೆ. ಜೂನ್ 10ರಂದು, ಅಂದರೆ ಬಿಲ್ ಆಗುವ ದಿನವೇ, ಕೊಂಡರೆ ಇಪ್ಪತ್ತೇ ದಿನ. ಹೀಗಾಗಿ ದೊಡ್ಡ ಖರ್ಚಿದ್ದರೆ ಬಿಲ್ ಆದ ಮಾರನೆಯ ದಿನ ಮಾಡುವ ಚಾಣಾಕ್ಷರಿದ್ದಾರೆ. ಆದರೆ ಈ ರಿಯಾಯಿತಿಗೆ ಒಂದು ಷರತ್ತಿದೆ. ಟೋಟಲ್ ಡ್ಯೂ ಅಷ್ಟನ್ನೂ ಗಡುವಿನೊಳಗೆ ಕಟ್ಟಿರಬೇಕು. ಬಾಕಿ ಉಳಿಸಿದಿರೋ, ರಿಯಾಯಿತಿ ಮೊದಲಿನಿಂದಲೇ ಇರಲಿಲ್ಲ ಎಂಬಂತೆ ಬ್ಯಾಂಕು ಹಿಂದಕ್ಕೆ ಹೋಗಿ ಲೆಕ್ಕ ಹಾಕುತ್ತದೆ.

ಆ ಲೆಕ್ಕವೇ ಬಿಲ್ಲಿನಲ್ಲಿ ಫೈನಾನ್ಸ್ ಚಾರ್ಜ್ ಎಂದು ಕಾಣುವುದು. ಹೆಸರು ಏನೇ ಇರಲಿ, ಅದು ಬಡ್ಡಿ. ಇವನ ಕಾರ್ಡಿನ ದರ ತಿಂಗಳಿಗೆ 3.5. ಕೇಳಲು ಚಿಕ್ಕದು, ವರ್ಷಕ್ಕೆ ಶೇಕಡಾ 42. (ಶೇಕಡಾ 30 ಮೀರಿದ ಬಡ್ಡಿ ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.)

ಪೆನ್ನು, ಹಾಳೆ ತೆಗೆದುಕೊಂಡೆವು. ಹೆಚ್ಚಿನ ಬ್ಯಾಂಕುಗಳು ಲೆಕ್ಕ ಹಾಕುವ ಕ್ರಮದಲ್ಲೇ ಹಾಕಿದೆವು. ಬಡ್ಡಿ ಶುರುವಾಗುವುದು ಗಡುವು ಮುಗಿದ ಜೂನ್ 30ರಿಂದಲ್ಲ, ಫ್ರಿಜ್ ಕೊಂಡ ಮೇ 15ರಿಂದ. ಅಲ್ಲಿಂದ ಅವನು ಎರಡು ಸಾವಿರ ಕಟ್ಟಿದ ದಿನದವರೆಗೆ 46 ದಿನ. ಆ 46 ದಿನವೂ ಪೂರ್ತಿ 40,000ದ ಮೇಲೆ ಬಡ್ಡಿ, 2,117 ರೂಪಾಯಿ. ಅಲ್ಲಿಂದ ಮುಂದೆ ಜುಲೈ 10ರ ಬಿಲ್ಲಿನವರೆಗೆ 11 ದಿನ, ಉಳಿದ 38,000ದ ಮೇಲೆ 481 ರೂಪಾಯಿ.

‘ಇದೇನು ಮಾಮ, ಇನ್ನೊಂದು 145?’ ಎಂದ. ಅದು ದಿನಸಿಯದು. ಜೂನ್ 20ರಂದು ಮನೆಗೆ 6,000 ರೂಪಾಯಿ ಸಾಮಾನು ತಂದಿದ್ದ. ಹೊಸ ಖರೀದಿ, ಅದರ ಬಿಲ್ಲೇ ಇನ್ನೂ ಬಂದಿಲ್ಲ, ಅದಕ್ಕೆ ಹೇಗೆ ಬಡ್ಡಿ ಎಂಬುದು ಅವನ ವಾದ. ಹಳೆಯ ಬಿಲ್ಲಿನಲ್ಲಿ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಕೊಂಡ ದಿನದಿಂದಲೇ ಮೀಟರ್ ಓಡುತ್ತದೆ. ನನ್ನ ಮಟ್ಟಿಗೆ ಇಡೀ ಬಿಲ್ಲಿನಲ್ಲಿ ಜನರಿಗೆ ಅತಿ ಕಡಿಮೆ ಗೊತ್ತಿರುವ ವಿಷಯ ಇದೇ. ಇದನ್ನು ಉದಾಹರಣೆ ಸಮೇತ ಗ್ರಾಹಕರಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವೇ ಮಾಡಿದೆ. ಕಾರ್ಡ್ ಜೊತೆ ಬರುವ ಆ ಇರುವೆ ಅಕ್ಷರದ ಪುಸ್ತಿಕೆಯಲ್ಲಿ ಉದಾಹರಣೆ ಇದ್ದೇ ಇರುತ್ತದೆ. ಓದುವವರು ಯಾರು?

ಮೂರೂ ಸೇರಿ ಬಡ್ಡಿ 2,743. ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 494. ಒಟ್ಟು 3,237 ರೂಪಾಯಿ. ಅವನು ಕಟ್ಟಿದ ಎರಡು ಸಾವಿರಕ್ಕಿಂತ ಬಡ್ಡಿಯೇ ದೊಡ್ಡದಾಯಿತು. 38,000, ದಿನಸಿಯ 6,000, ಈ 3,237 ಕೂಡಿದರೆ 47,237. ಕಂಪ್ಯೂಟರ್ ತೋರಿಸಿದ್ದೂ ಅದನ್ನೇ.

‘ಹಾಗಾದ್ರೆ ಎರಡು ಸಾವಿರದ ಬದಲು ಮೂವತ್ತೆಂಟು ಕಟ್ಟಿ, ಎರಡು ಉಳಿಸ್ಕೊಂಡಿದ್ರೆ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ಅದನ್ನೂ ಹಾಕಿ ನೋಡಿದೆವು. ಮೊದಲ 46 ದಿನದ 2,117 ಹಾಗೇ ಇರುತ್ತದೆ, ಏಕೆಂದರೆ ಆ ದಿನಗಳಲ್ಲಿ ಬಾಕಿಯಿದ್ದದ್ದು 40,000ವೇ. ಕೊನೆಯ 11 ದಿನದ 481 ಮಾತ್ರ 25 ರೂಪಾಯಿಗೆ ಇಳಿಯುತ್ತದೆ. ಅಂದರೆ 36,000 ಹೆಚ್ಚು ಕಟ್ಟಿದ್ದಕ್ಕೆ ಆ ಬಿಲ್ಲಿನ ಬಡ್ಡಿಯಲ್ಲಿ ಉಳಿಯುತ್ತಿದ್ದದ್ದು 456 ರೂಪಾಯಿ. ಹೆಚ್ಚು ಕಟ್ಟಿದ್ದರ ಲಾಭ ಮುಂದಿನ ತಿಂಗಳುಗಳಲ್ಲಿ ಕಾಣುತ್ತದೆ. 38,000 ಬಾಕಿಗೆ ತಿಂಗಳಿಗೆ 1,330 ಬಡ್ಡಿಯಾದರೆ 2,000ಕ್ಕೆ 70. ಆದರೂ ಕೊನೆಯ ಎರಡು ಸಾವಿರವನ್ನು ಯಾರಿಂದಾದರೂ ಕೈಗಡ ತಂದು ಕಟ್ಟಿದ್ದರೆ 2,117 ಪೂರ್ತಿ ಉಳಿಯುತ್ತಿತ್ತು. ಕೈಗಡ ತರಬೇಕು, ಕಾರ್ಡಿನಿಂದ ಎಟಿಎಂನಲ್ಲಿ ಎಳೆಯಬಾರದು. ನಗದಿಗೆ ಬಡ್ಡಿಯಿಲ್ಲದ ಅವಧಿ ಒಂದು ದಿನವೂ ಇಲ್ಲ, ಮೇಲೆ ಶುಲ್ಕ ಬೇರೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕಾಯಿತು. ‘ಡ್ಯೂ ಡೇಟ್ ಆದ ಮೇಲೆ ಮೂರು ದಿನ ಗ್ರೇಸ್ ಇರುತ್ತಲ್ಲ’ ಎಂದು ಅವನ ಗೆಳೆಯ ಹೇಳಿದ್ದನಂತೆ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ಲೇಟ್ ಫೀ ಹಾಕಬಹುದು, ಸಿಬಿಲ್‌ನಂಥ ಸಂಸ್ಥೆಗಳಿಗೆ ಬಾಕಿದಾರ ಎಂದು ತಿಳಿಸಬಹುದು ಎಂಬ ರಿಸರ್ವ್ ಬ್ಯಾಂಕ್ ನಿಯಮ ನಿಜವಾಗಿಯೂ ಇದೆ. ಆದರೆ ಅದು ಲೇಟ್ ಫೀಗೆ ಮತ್ತು ದಾಖಲೆಗೆ ಸಂಬಂಧಿಸಿದ್ದು. ಬಡ್ಡಿಯ ವಿಷಯದಲ್ಲಿ ಆ ಮೂರು ದಿನವನ್ನು ನಂಬಿಕೊಂಡು ಕೂರುವಂತಿಲ್ಲ. ನಾಲ್ಕನೇ ದಿನವಾದರೆ ತಡವನ್ನು ಎಣಿಸುವುದೂ ಡ್ಯೂ ಡೇಟಿನಿಂದಲೇ.

ಹುಡುಗ ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿಟ್ಟ. ಅಕ್ಕನ ಹತ್ತಿರ ಸ್ವಲ್ಪ, ನನ್ನ ಹತ್ತಿರ ಸ್ವಲ್ಪ ಪಡೆದು ಜುಲೈ 30ರಂದು 47,237 ಅಷ್ಟನ್ನೂ ಕಟ್ಟಿದ. ಮುಗಿಯಿತಪ್ಪಾ ಎಂದುಕೊಂಡಿದ್ದಾಗ ಆಗಸ್ಟ್ 10ರ ಬಿಲ್ ಬಂತು. ಏನೂ ಕೊಂಡಿಲ್ಲ, ಆದರೂ ಸಾವಿರದ ನೂರಕ್ಕೂ ಮಿಕ್ಕಿದ ಬಾಕಿ. ಫೋನ್ ಮಾಡಿದವನ ದನಿಯಲ್ಲಿ ಈ ಸಲ ಸಿಟ್ಟಿತ್ತು.

ಜುಲೈ 11ರಿಂದ 29ರವರೆಗಿನ 19 ದಿನದ ಬಡ್ಡಿ ಅದು. ಹಿಂದಿನ ಬಿಲ್ ಆಗಿದ್ದು ಜುಲೈ 10ಕ್ಕೆ, ದುಡ್ಡು ತಲುಪಿದ್ದು 30ಕ್ಕೆ. ನಡುವಿನ ದಿನಗಳ ಬಡ್ಡಿ ಮುಂದಿನ ಬಿಲ್ಲಿಗಲ್ಲದೆ ಬೇರೆಲ್ಲಿ ಬರಬೇಕು? 44,000ಕ್ಕೆ 962, ಜಿಎಸ್‌ಟಿ 173. ಬಾಲದ ಹಾಗೆ ಹಿಂದೆ ಬರುವ ಈ ಬಡ್ಡಿಯನ್ನು ‘ಎಲ್ಲಾ ಕಟ್ಟಿದ್ದೀನಲ್ಲ, ಏನೋ ತಪ್ಪಿರಬೇಕು’ ಎಂದು ಬಿಟ್ಟರೆ ಅದರ ಮೇಲೆ ಲೇಟ್ ಫೀ ಬೀಳುತ್ತದೆ.

‘ಕಟ್ಟು’ ಎಂದೆ. ‘ಇದು ಕೊನೇದು ತಾನೇ?’ ಎಂದ. ‘ಇದನ್ನ ಪೂರ್ತಿ ಕಟ್ಟೋವರೆಗೂ ಕಾರ್ಡನ್ನ ಬೀರುವಿನಿಂದ ಹೊರಗೆ ತೆಗೀಬೇಡ’ ಎಂದೆ.