ಗೆರೆ ತಪ್ಪಿದ ರೋಬಾಟ್ ಕಲಿಸಿದ ಪಾಠ

ಇಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ವಿಭಾಗದ ವಿಚಾರಗೋಷ್ಠಿಯಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಕಿರಿಯರ ಮುಂದೆ ತನ್ನ ತಂಡದ ಸೋಲನ್ನೇ ಮಾತಿನ ವಿಷಯವಾಗಿ ಆರಿಸಿಕೊಂಡನು. ಬಿಳಿಯ ಹಾಸಿನ ಮೇಲೆ ಅಂಟಿಸಿದ ಕಪ್ಪು ಪಟ್ಟಿಯನ್ನು ಅನುಸರಿಸಿ ತಾನೇ ಸಾಗಬೇಕಾದ ಪುಟ್ಟ ಗಾಡಿ ಅದು. ಪ್ರಯೋಗಶಾಲೆಯಲ್ಲಿ ಒಮ್ಮೆಯೂ ದಾರಿ ತಪ್ಪದಿದ್ದ ಆ ರೋಬಾಟ್, ಸ್ಪರ್ಧೆಯ ದಿನ ಸಭಾಂಗಣದ ಕಿಟಕಿಯ ಬಳಿಯ ತಿರುವಿಗೆ ಬಂದೊಡನೆ ನಿಂತಲ್ಲೇ ಗಿರಗಿರನೆ ಸುತ್ತತೊಡಗಿತು.

ಗಾಡಿಯು ಗೆರೆಯನ್ನು ಕಾಣುವ ಬಗೆ ಸರಳವಾದುದು. ಅದರ ತಳದಲ್ಲಿ ಸಾಲಾಗಿ ಜೋಡಿಸಿದ ಸಂವೇದಕಗಳಿವೆ. ಪ್ರತಿಯೊಂದರಲ್ಲಿಯೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುವ ದೀಪವೊಂದು, ನೆಲದಿಂದ ಹಿಂದಿರುಗಿದ ಬೆಳಕನ್ನು ಗ್ರಹಿಸುವ ಟ್ರಾನ್ಸಿಸ್ಟರ್ ಒಂದು. ಬಿಳಿಯ ಹಾಸು ಬೆಳಕನ್ನು ಹಿಂದಿರುಗಿಸುತ್ತದೆ. ಕಪ್ಪು ಪಟ್ಟಿ ಹೀರಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಆರ್ಡುಯಿನೊ ಫಲಕವು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಈ ತಂಡದ ಜೋಡಣೆಯಲ್ಲಿ ಬೆಳಕು ಹೆಚ್ಚಿದಂತೆ ಸಂಖ್ಯೆ ಇಳಿಯುತ್ತಿತ್ತು. ಪ್ರಯೋಗಶಾಲೆಯ ಟ್ಯೂಬ್‌ಲೈಟಿನ ಕೆಳಗೆ ಬಿಳಿಗೆ 120, ಕಪ್ಪಿಗೆ 820 ಬಂದವು. ನಡುವಿನ 470ನ್ನು ಗಡಿಯೆಂದು ಪ್ರೋಗ್ರಾಮಿನಲ್ಲಿ ಬರೆದಿಟ್ಟರು.

ಗಾಡಿ ಸುತ್ತತೊಡಗಿದಾಗ ತಂಡವು ಚಾಲನೆಯ ದೋಷವೆಂದು ಬಗೆಯಿತು. ವೇಗವನ್ನು ತಗ್ಗಿಸಿದರು, ತಿರುಗುವ ಪ್ರಮಾಣವನ್ನು ಬದಲಿಸಿದರು, ಬ್ಯಾಟರಿಯನ್ನೂ ಹೊಸದಾಗಿ ಹಾಕಿದರು. ಗಾಡಿ ಮತ್ತೆ ಮತ್ತೆ ಅದೇ ಜಾಗದಲ್ಲಿಯೇ ಕೆಡುತ್ತಿತ್ತು. ಚಾಲನೆಯೇ ಕೆಟ್ಟಿದ್ದರೆ ನೆರಳಿನಲ್ಲಿದ್ದ ಅಂಥದೇ ತಿರುವಿನಲ್ಲಿಯೂ ತಪ್ಪಬೇಕಾಗಿತ್ತಲ್ಲವೆ? ಈ ಪ್ರಶ್ನೆ ಹೊಳೆಯುವಷ್ಟರಲ್ಲಿ ಅವರ ಸರದಿ ಮುಗಿದುಹೋಗಿತ್ತು.

ಆಮೇಲೆ ಗಾಡಿಗೆ ಲ್ಯಾಪ್‌ಟಾಪನ್ನು ಜೋಡಿಸಿ, ಕಿಟಕಿಯ ಬಳಿ ಸಂಖ್ಯೆಗಳನ್ನು ಓದಿ ನೋಡಿದರು. ಬಿಳಿಗೆ 40, ಕಪ್ಪಿಗೆ 390! ಟ್ಯೂಬ್‌ಲೈಟಿನಲ್ಲಿ ಅವಕೆಂಪು ಬೆಳಕು ಅತ್ಯಲ್ಪ. ಬಿಸಿಲಿನಲ್ಲಾದರೋ ಅದು ಹೇರಳ. ಕಪ್ಪು ಪಟ್ಟಿಯ ಮೇಲೂ ಆ ಬೆಳಕು ಸಂವೇದಕವನ್ನು ತಲುಪಿ, ಸಂಖ್ಯೆಯನ್ನು 470ಕ್ಕಿಂತ ಕೆಳಗಿಳಿಸಿತ್ತು. ಗಾಡಿಯ ಪಾಲಿಗೆ ಎಲ್ಲವೂ ಬಿಳಿಯಾಯಿತು. ಗೆರೆ ಕಾಣದಿದ್ದರೆ ಸುತ್ತಿ ಹುಡುಕಬೇಕೆಂಬ ಆದೇಶವನ್ನು ಅದು ಚಾಚೂ ತಪ್ಪದೆ ಪಾಲಿಸಿತ್ತು.

ಪರಿಹಾರ ಕಠಿಣವಾಗಿರಲಿಲ್ಲ. ಓಟಕ್ಕೆ ಮುನ್ನ ಸ್ಪರ್ಧೆಯ ಹಾಸಿನ ಮೇಲೆಯೇ, ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಸಂಖ್ಯೆಗಳನ್ನು ಅಳೆಯಬೇಕು. ಇಲ್ಲಿ ಬಿಳಿಯ ಗರಿಷ್ಠ 120, ಕಪ್ಪಿನ ಕನಿಷ್ಠ 390. ಇವುಗಳ ನಡುವಿನ 255ನ್ನು ಗಡಿಯಾಗಿಟ್ಟರೆ ಎರಡು ಕಡೆಯೂ ಗೆರೆ ಕಾಣುತ್ತದೆ. ಆದರೆ ನೇರ ಬಿಸಿಲು ಬಿದ್ದು ಕಪ್ಪು ಬಿಳುಪುಗಳೆರಡೂ ಸೊನ್ನೆಯ ಸಮೀಪಕ್ಕಿಳಿದರೆ ಯಾವ ಗಡಿಯೂ ನೆರವಾಗದು. ಆಗ ಸಂವೇದಕಗಳ ಸುತ್ತ ನೆಲದವರೆಗೆ ಕಪ್ಪು ರಟ್ಟಿನ ಮರೆ ಕಟ್ಟುವುದು ಒಂದು ಸರಳ ಉಪಾಯ.

ಮಾತಿನ ಕೊನೆಗೆ ಆತನು ಕಿರಿಯರಿಗೆ ಹೇಳಿದುದಿಷ್ಟೆ: "ಗಾಡಿ ದಾರಿ ತಪ್ಪಿದಾಗ ಮೊದಲು ಅದು ಏನನ್ನು ಕಾಣುತ್ತಿದೆಯೆಂದು ಓದಿ ನೋಡಿರಿ, ಚಕ್ರಗಳಿಗೆ ಆಮೇಲೆ ಕೈಹಾಕಿರಿ."