ಸೂಟ್‌ಕೇಸ್ ಕಳೆದದ್ದು ಯಾರು?

‘ಓಲಾ! ಪೆರ್ದಿ ಮಿಸ್ ಎಕಿಪಾಹೆಸ್. ಸೊಯ್ ಮುಯ್ ಎನ್ಫದಾದೊ. ಕಿಯೆರೊ ಮಿ ದಿನೆರೊ.’ ಮ್ಯಾಡ್ರಿಡ್‌ನಲ್ಲಿ ಇಳಿದು ಮೂರು ದಿನವಾದರೂ ಸೂಟ್‌ಕೇಸ್ ಸಿಗದ, ಸ್ಪ್ಯಾನಿಶ್ ಕಲಿಯುತ್ತಿರುವ ಪ್ರಯಾಣಿಕನೊಬ್ಬ ವಿಮಾನ ಕಂಪನಿಗೆ ಹೀಗೆ ಬರೆದ ಎಂದಿಟ್ಟುಕೊಳ್ಳೋಣ. ನಮಸ್ಕಾರ, ಲಗೇಜು ಕಳೆದುಕೊಂಡೆ, ತುಂಬಾ ಸಿಟ್ಟು ಬಂದಿದೆ, ನನ್ನ ದುಡ್ಡು ಬೇಕು ಎಂಬುದು ಅವನ ಮಾತು.

ಮೊದಲ ಪೆಟ್ಟು ‘ಪೆರ್ದಿ’ಗೆ. ಆ ಕ್ರಿಯಾಪದದ ಕರ್ತೃ ‘ನಾನು’. ಅಂದರೆ ಕಳೆದವನು ತಾನೇ ಎಂದು ಅವನೇ ಬರೆದುಕೊಟ್ಟಂತಾಯಿತು! ‘ಎಕಿಪಾಹೆ’ಗೆ ಇಲ್ಲಿ ಬಹುವಚನವೂ ಬೇಡ, ಎಷ್ಟು ಪೆಟ್ಟಿಗೆಯಿದ್ದರೂ ಸಾಮಾನೆಲ್ಲ ಸೇರಿ ಅದು ಏಕವಚನ. ತಿದ್ದಿದರೆ ‘ಮಿ ಎಕಿಪಾಹೆ ನೊ ಯೆಗೊ’, ನನ್ನ ಲಗೇಜು ಬರಲಿಲ್ಲ. ಇಲ್ಲಿ ಯಾರ ಮೇಲೂ ಆರೋಪವಿಲ್ಲ, ನಡೆದದ್ದಷ್ಟೇ ಇದೆ. ಬರೆಯುವಾಗ ‘ಯೆಗೊ’ದ ಕೊನೆಯ ಸ್ವರದ ಮೇಲೆ ಒತ್ತುಚಿಹ್ನೆ ಇರಲೇಬೇಕು. ಅದು ಬಿಟ್ಟುಹೋದರೆ ‘ನಾನು ಬರುತ್ತೇನೆ’ ಎಂದಾಗುತ್ತದೆ.

ಸಿಟ್ಟಿನ ವಾಕ್ಯದಲ್ಲಿ ‘ಸೊಯ್’ ತಪ್ಪು. ಈ ಹೊತ್ತಿನ ಮನಃಸ್ಥಿತಿಗೆ ‘ಎಸ್ತೊಯ್’ ಬರಬೇಕು. ಆದರೆ ತಿದ್ದುವ ಬದಲು ಆ ಸಾಲನ್ನೇ ಹೊಡೆದುಹಾಕುವುದು ಲೇಸು. ಅಲ್ಲಿಗೆ ವಿಮಾನದ ಸಂಖ್ಯೆ, ತಾರೀಖು, ಲಗೇಜು ಬಾರದಿದ್ದಾಗ ನಿಲ್ದಾಣದ ಕೌಂಟರಿನಲ್ಲಿ ಬರೆಸುವ ‘ಪೀರ್’ ವರದಿಯ ಸಂಖ್ಯೆ ಬರಲಿ. ಕಂಪನಿಯವರು ಹುಡುಕುವುದು ಅದರ ಆಧಾರದ ಮೇಲೆಯೇ.

ಇನ್ನು ‘ಕಿಯೆರೊ ಮಿ ದಿನೆರೊ’. ಇದರಲ್ಲಿ ಧಾಟಿಯಷ್ಟೇ ಅಲ್ಲ, ವಿಷಯವೂ ತಪ್ಪು. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬಾರದ ಲಗೇಜನ್ನು ಕಳೆದುಹೋದದ್ದೆಂದು ಪರಿಗಣಿಸಿ ಪರಿಹಾರ ಕೇಳಬಹುದು. ಅದಕ್ಕೂ ಮೊದಲೇ ಕಂಪನಿ ‘ಕಳೆದಿದೆ’ ಎಂದು ಒಪ್ಪಿಕೊಂಡರೆ ಕಾಯಬೇಕಿಲ್ಲ. ಮೂರನೇ ದಿನದ ಪತ್ರದಲ್ಲಿ ಕೇಳಬೇಕಾದದ್ದು ಹುಡುಕಾಟ, ಜೊತೆಗೆ ತುರ್ತಾಗಿ ಕೊಂಡ ಬಟ್ಟೆಬರೆಯ ಖರ್ಚು. ಹೀಗೆ ಬರೆಯಬಹುದು: ‘ಲೆಸ್ ರುಯೆಗೊ ಕೆ ಲೊಕಾಲಿಸೆನ್ ಮಿ ಎಕಿಪಾಹೆ’, ದಯವಿಟ್ಟು ನನ್ನ ಲಗೇಜು ಪತ್ತೆ ಮಾಡಿ. ‘ರುಯೆಗೊ ಕೆ’ ಎಂದ ಮೇಲೆ ಕ್ರಿಯಾಪದ ಇನ್ನೂ ನಡೆಯದ, ನಡೆಯಲೆಂದು ಬಯಸುವ ಕ್ರಿಯೆಯ ರೂಪ ತಾಳುತ್ತದೆ. ಕಲಿಯುವವರು ಇಲ್ಲಿ ಅಭ್ಯಾಸಬಲದಿಂದ ‘ಲೊಕಾಲಿಸಾನ್’ ಎಂದು ಬರೆದುಬಿಡುತ್ತಾರೆ. ಆಗ ಅದು ‘ಪತ್ತೆ ಮಾಡುತ್ತಾರೆ’ ಎಂಬ ಬರೀ ಹೇಳಿಕೆ.

‘ಓಲಾ’ ಗೆಳೆಯರಿಗೆ ಸರಿ. ಕಂಪನಿಗೆ ‘ಎಸ್ತಿಮಾದೋಸ್ ಸೆನ್ಯೋರೆಸ್’, ಅದರ ಮುಂದೆ ಅಲ್ಪವಿರಾಮವಲ್ಲ, ವಿವರಣಚಿಹ್ನೆಯ ಎರಡು ಚುಕ್ಕಿ. ಇಂಗ್ಲಿಷ್ ಪತ್ರ ಬರೆದು ಪಳಗಿದ ಕೈ ಇಲ್ಲಿ ಎಡವುವುದೇ ಹೆಚ್ಚು.

ಮುಕ್ತಾಯಕ್ಕೆ ‘ಆ ಲಾ ಎಸ್ಪೇರಾ ದೆ ಸು ರೆಸ್ಪುಯೆಸ್ತಾ’, ನಿಮ್ಮ ಉತ್ತರದ ನಿರೀಕ್ಷೆಯಲ್ಲಿ. ಅದರ ಕೆಳಗೆ ‘ಅತೆಂತಾಮೆಂತೆ’ ಎಂದಷ್ಟೇ ಬರೆದರೆ ಅಲ್ಪವಿರಾಮ ಹಾಕಿ ಸಹಿ ಮಾಡಬೇಕು. ‘ಲೆಸ್ ಸಲೂದಾ ಅತೆಂತಾಮೆಂತೆ’ ಎಂದರೆ ಅಲ್ಪವಿರಾಮ ಕೂಡದು. ಅಲ್ಲಿ ವಂದಿಸುವವರು ಯಾರೆಂಬುದನ್ನು ಕೆಳಗಿನ ಹೆಸರೇ ಹೇಳುತ್ತದೆ. ಸಹಿಯೇ ಆ ವಾಕ್ಯದ ಕರ್ತೃ.