ಟವರಿಗೆ ಹೆದರುವವರು, ಸ್ಕ್ಯಾನಿಂಗಿಗೆ ಹೆದರದವರು

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಪದವಿಪೂರ್ವ ಕಾಲೇಜೊಂದರ ಸಭಾಂಗಣದಲ್ಲಿ ಭಾಷಣಕ್ಕೆ ನಿಂತ ಭೌತಶಾಸ್ತ್ರದ ಉಪನ್ಯಾಸಕರು ಮಕ್ಕಳನ್ನು ಮೊದಲು ಕೇಳಿದ್ದು, ‘ಮೊಬೈಲ್ ಟವರ್ ಕಂಡರೆ ಯಾರ ಮನೆಯಲ್ಲಿ ಭಯ?’ ಅಂತ. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ‘ಸಣ್ಣ ತಲೆನೋವಿಗೂ ಸಿಟಿ ಸ್ಕ್ಯಾನ್ ಮಾಡಿಸಿಬಿಡೋಣ ಅನ್ನುವವರು?’ ಆಗಲೂ ಸಾಕಷ್ಟು ಕೈಗಳು ಎದ್ದವು. ಭಯ ಇರಬೇಕಾದ ಕಡೆ ಇಲ್ಲ, ಇಲ್ಲದ ಕಡೆ ಇದೆ ಎನ್ನುತ್ತ ಅವರು ಮಾತು ಶುರುಮಾಡಿದರು.

ವಿಕಿರಣ ಎಂದರೆ ಶಕ್ತಿಯ ಹರಿವು. ಬೆಳಕು, ರೇಡಿಯೋ ಅಲೆ, ಎಕ್ಸ್‌-ರೇ ಎಲ್ಲವೂ ಒಂದೇ ಕುಟುಂಬದವು. ಈ ಶಕ್ತಿ ಫೋಟಾನ್ ಎಂಬ ಪುಟ್ಟ ಕಂತುಗಳಲ್ಲಿ ಬರುತ್ತದೆ. ಒಂದು ಕಂತಿನಲ್ಲಿ ಎಷ್ಟು ಶಕ್ತಿಯಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ದೇಹದ ಅಣುವೊಂದರಿಂದ ಎಲೆಕ್ಟ್ರಾನನ್ನು ಕಿತ್ತುಹಾಕಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಹಾಗೆ ಕೀಳಬಲ್ಲದ್ದು ಅಯಾನೀಕರಿಸುವ ವಿಕಿರಣ, ಕೀಳಲಾರದ್ದು ಅಯಾನೀಕರಿಸದ ವಿಕಿರಣ. ಎಲೆಕ್ಟ್ರಾನ್ ಕಳೆದುಕೊಂಡ ಅಣು ಮುರಿಯಬಹುದು. ಅದು ಡಿಎನ್‌ಎ ಆಗಿದ್ದು, ಆದ ಗಾಯವನ್ನು ಜೀವಕೋಶ ಸರಿಯಾಗಿ ದುರಸ್ತಿ ಮಾಡದಿದ್ದರೆ ಮುಂದೆಂದೋ ಕ್ಯಾನ್ಸರ್‌ಗೆ ದಾರಿಯಾಗಬಹುದು.

ಈಗ ಲೆಕ್ಕ ನೋಡಿ. ಆಸ್ಪತ್ರೆಯ ಎಕ್ಸ್‌-ರೇ ಫೋಟಾನಿನಲ್ಲಿ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. 1800 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಯ ಫೋಟಾನಿನಲ್ಲಿ ಇರುವುದು ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದಲ್ಲಿ ಏಳು ಪಾಲು ಮಾತ್ರ, ಅಂದರೆ ಬೇಕಾದ್ದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಕಡಿಮೆ. ಕಣ್ಣಿಗೆ ಕಾಣುವ ಬೆಳಕಿನ ಫೋಟಾನೇ ಇದಕ್ಕಿಂತ ಲಕ್ಷಾಂತರ ಪಟ್ಟು ಬಲಶಾಲಿ.

‘ಟವರಿನಿಂದ ಕೋಟ್ಯಂತರ ಫೋಟಾನ್ ಬರುತ್ತವಲ್ಲ ಸಾರ್?’ ಎಂದು ಹುಡುಗನೊಬ್ಬ ಕೇಳಿದ. ಹತ್ತಿಯ ಉಂಡೆ ಎಷ್ಟು ಎಸೆದರೂ ಮಾವಿನಕಾಯಿ ಉದುರದು, ಕಲ್ಲಾದರೆ ಒಂದೇ ಸಾಕು ಎಂದರು ಉಪನ್ಯಾಸಕರು. ಸಂಖ್ಯೆ ಹೆಚ್ಚಾದರೆ ಆಗುವುದು ಬಿಸಿ. ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದು ಹೀಗೇ. ಅದರೊಳಗೆ ನೂರಾರು ವ್ಯಾಟ್ ಶಕ್ತಿ ಲೋಹದ ಗೂಡಿನಲ್ಲಿ ಬಂದಿಯಾಗಿರುತ್ತದೆ. ಸ್ವಿಚ್ ಆರಿಸಿದರೆ ಅಲೆಯೂ ಇಲ್ಲ, ಅನ್ನ ವಿಕಿರಣಶೀಲವೂ ಆಗುವುದಿಲ್ಲ. ಟವರುಗಳಿಗೆ ಹಾಕಿರುವ ಮಿತಿ ಈ ಬಿಸಿಯನ್ನು ತಡೆಯಲೆಂದೇ ಇರುವುದು. ಭಾರತ 2012ರಲ್ಲಿ ಅದನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದ್ದೂ ನಿಜ. ಪುರಾವೆ ಸೀಮಿತವಾಗಿದೆ, ಪೂರಾ ತಳ್ಳಿಹಾಕುವಂತಿಲ್ಲ ಎಂಬುದು ಅದರ ತಾತ್ಪರ್ಯ. ಅಪಾಯ ಎಷ್ಟೆಂಬುದನ್ನು ಆ ಗುಂಪು ಹೇಳುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಬೀದಿಯ ಜನ ಗಲಾಟೆ ಮಾಡಿ ಟವರ್ ತೆಗೆಸಿದರೆ ಸಿಗ್ನಲ್ ಸೊರಗುತ್ತದೆ. ದೂರದ ಟವರಿಗೆ ಮುಟ್ಟಲು ಕಿವಿಗಂಟಿದ ಫೋನೇ ಹೆಚ್ಚು ಶಕ್ತಿ ಸೂಸಬೇಕಾಗುತ್ತದೆ.

ಗಡಿಯ ಮೇಲಿರುವುದು ಬಿಸಿಲಿನ ನೇರಳಾತೀತ ಕಿರಣ. ಅದರ ಬಹುಪಾಲಿಗೆ ಎಲೆಕ್ಟ್ರಾನ್ ಕೀಳುವ ಶಕ್ತಿ ಇಲ್ಲ. ಆದರೂ ಡಿಎನ್‌ಎಯ ಬೆಸುಗೆಗಳನ್ನು ಕೆಡಿಸಬಲ್ಲುದು, ಚರ್ಮದ ಕ್ಯಾನ್ಸರ್ ತರಬಲ್ಲುದು. ಅಯಾನೀಕರಿಸದ್ದೆಲ್ಲ ನಿರಪಾಯ ಎನ್ನುವಂತಿಲ್ಲ.

ಅಯಾನೀಕರಿಸುವ ವಿಕಿರಣದಲ್ಲಿ ಕೇಳಬೇಕಾದ್ದು ಪ್ರಮಾಣ. ಮಣ್ಣು, ಗಾಳಿ, ಆಹಾರ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ಎದೆಯ ಒಂದು ಎಕ್ಸ್‌-ರೇ 0.1 ಅಥವಾ ಅದಕ್ಕೂ ಕಡಿಮೆ, ಎದೆಯ ಸಿಟಿ ಸ್ಕ್ಯಾನ್ ಸುಮಾರು 7. ಅಂದರೆ ಒಂದು ಸ್ಕ್ಯಾನಿನಲ್ಲಿ ಮೂರು ವರ್ಷದ ಪಾಲು. ಪೆಟ್ಟುಬಿದ್ದ ತಲೆಗೆ, ಗಂಭೀರ ಕಾಯಿಲೆಗೆ ಅದು ಜೀವ ಉಳಿಸುತ್ತದೆ; ಸುಮ್ಮನೆ ಒಮ್ಮೆ ನೋಡಿಬಿಡೋಣ ಎನ್ನುವುದಕ್ಕೆ ಅಲ್ಲ.

ನಿಜವಾದ ಅಪಾಯಕ್ಕೆ ಅವರು ಕೊಟ್ಟ ಉದಾಹರಣೆ ದೆಹಲಿಯ ಮಾಯಾಪುರಿಯದು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಬಹುಕಾಲ ಮೂಲೆಗೆ ಬಿದ್ದಿದ್ದ ಗಾಮಾ ಯಂತ್ರವೊಂದನ್ನು ಹರಾಜು ಹಾಕಿತು. ಗುಜರಿಯವರು ಅದನ್ನು ಬಿಚ್ಚಿದರು. ಸೀಸದ ಕವಚದೊಳಗಿದ್ದ ಕೋಬಾಲ್ಟ್-60 ಅವರ ಕೈಗೆ ಬಂತು. ಅದಕ್ಕೆ ಬಣ್ಣದ ಎಚ್ಚರಿಕೆಯಿಲ್ಲ, ವಾಸನೆಯಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಎಕ್ಸ್‌-ರೇ ಯಂತ್ರ ಸ್ವಿಚ್ ಆರಿಸಿದೊಡನೆ ನಿಲ್ಲುತ್ತದೆ. ಕೋಬಾಲ್ಟಿಗೆ ಸ್ವಿಚ್ಚಿಲ್ಲ, ಅರ್ಧಕ್ಕೆ ಇಳಿಯಲೂ ಐದು ವರ್ಷಕ್ಕಿಂತ ಹೆಚ್ಚು ಬೇಕು. ಹಳದಿ ಹಲಗೆಯ ಮೇಲೆ ಮೂರು ರೆಕ್ಕೆಯ ಗುರುತು ಕಂಡ ವಸ್ತುವನ್ನು ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಿ ಎಂದರು.

ಕೊನೆಗೆ ಒಬ್ಬಳು ಎದ್ದು, ‘ಅಕ್ಕನಿಗೆ ಐದು ತಿಂಗಳು, ಸ್ಕ್ಯಾನಿಂಗ್ ಬರೆದಿದ್ದಾರೆ, ಅಜ್ಜಿ ಬೇಡ ಅಂತಾರೆ’ ಎಂದಳು. ಬಸುರಿಯರಿಗೆ ಮಾಡುವುದು ಅಲ್ಟ್ರಾಸೌಂಡ್, ಅದು ಬರಿಯ ಶಬ್ದ ತರಂಗ ಎಂದು ಅವರು ವಿವರಿಸಿದರು. ಎಂಆರ್‌ಐಯಲ್ಲೂ ಎಕ್ಸ್‌-ರೇ ಇಲ್ಲ, ಇರುವುದು ಅಯಸ್ಕಾಂತ ಮತ್ತು ರೇಡಿಯೋ ಅಲೆ. ಅಲ್ಲಿ ಅಂಜಬೇಕಾದ್ದು ಜೇಬಿನ ಕಬ್ಬಿಣಕ್ಕೆ, ದೇಹದೊಳಗಿನ ಪೇಸ್‌ಮೇಕರಿಗೆ. ಯಾವ ಸ್ಕ್ಯಾನ್ ಬರೆದರೂ, ಇದರಲ್ಲಿ ಎಕ್ಸ್‌-ರೇ ಇದೆಯೇ, ಇದ್ದರೆ ಅಲ್ಟ್ರಾಸೌಂಡಿನಲ್ಲಿ ಆಗುವುದಿಲ್ಲವೇ ಎಂದು ವೈದ್ಯರನ್ನು ಕೇಳುವಂತೆ ಮನೆಯಲ್ಲಿ ಹೇಳಿ ಎಂದರು.